ಅವ್ವನ ಬಿಪಿ ಲೆಕ್ಕ: ಫೋಟೋದಿಂದ ಶೀಟಿಗೆ, ಎರಡು ವರ್ಷದ ಬಳಕೆ

ಅವ್ವ ಗದಗದಲ್ಲಿ, ನಾನು ಮತ್ತು ಡಾಕ್ಟರು ಹುಬ್ಬಳ್ಳಿಯಲ್ಲಿ. ಎರಡು ವರ್ಷದ ಹಿಂದೆ ತೋಳಿಗೆ ಪಟ್ಟಿ ಸುತ್ತುವ ಬಿಪಿ ಮಷೀನ್ ತಂದುಕೊಟ್ಟೆ. ಅವ್ವ ಫೋಟೋ ಹೊಡೆದು ಕಳಿಸುವುದು, ನಾನು ಡಾಕ್ಟರಿಗೆ ದಾಟಿಸುವುದು. ಆರು ತಿಂಗಳು ಹೀಗೇ ನಡೆಯಿತು.

126, 130, 128. ಎಲ್ಲ ಚೆನ್ನಾಗೇ ಇತ್ತು. ಒಮ್ಮೆ ಡಾಕ್ಟರು ಕೇಳಿದರು, "ಗುಳಗಿ ತಗೊಳ್ಳೂಕ್ಕಿಂತ ಮೊದಲ ನೋಡಿದ್ದೇನ್ರಿ, ಆಮ್ಯಾಲೇನ್ರಿ?" ಫೋಟೋದಲ್ಲಿ ಅದು ಕಾಣೋದಿಲ್ಲ ಅಲ್ವಾ? ಮಷೀನಿನ ಗಡಿಯಾರವೂ ಸೆಲ್ ಬದಲಿಸಿದಾಗ ಜನವರಿ 1ಕ್ಕೆ ಹೋಗಿ ಕೂತಿತ್ತು. ವಿಚಾರಿಸಿದರೆ ಅವ್ವ ನೋಡುತ್ತಿದ್ದದ್ದು ನಾಷ್ಟಾ, ಗುಳಿಗೆ ಎಲ್ಲ ಮುಗಿಸಿ, ಹನ್ನೊಂದರ ಸುಮಾರಿಗೆ.

ಡಾಕ್ಟರು ಏಳು ದಿನದ ಲೆಕ್ಕ ಕೇಳಿದರು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಚಹಾ ಮತ್ತು ಗುಳಿಗೆಗೆ ಮೊದಲು ಕುರ್ಚಿಗೆ ಬೆನ್ನು ಕೊಟ್ಟು ಐದು ನಿಮಿಷ ಸುಮ್ನೆ ಕೂಡಬೇಕು. ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ರಾತ್ರಿ ಊಟಕ್ಕೆ ಮೊದಲೂ ಹಾಗೇ. ನಡುವೆ ಮಾತಾಡಬಾರದು. ಅವ್ವನಿಗೆ ಕಷ್ಟವಾದದ್ದು ಅದೊಂದೇ.

ನಾನು ಫೋಟೋ ನೋಡಿ ಶೀಟಿಗೆ ಹಾಕಿದೆ. ಮೊದಲು 148/90 ಅಂತ ಒಂದೇ ಮನೆಯಲ್ಲಿ ಬರೆದು ಮೋಸಹೋದೆ. ಶೀಟು ಅದನ್ನು ಸಂಖ್ಯೆ ಅಂತ ಎಣಿಸೋದಿಲ್ಲ, ಸರಾಸರಿ ಬರೋದಿಲ್ಲ. ಮೇಲಿನದು, ಕೆಳಗಿನದು ಬೇರೆ ಬೇರೆ ಕಾಲಮ್ಮಿನಲ್ಲಿ ಬೇಕು. ಬೆಳಗಿನದಕ್ಕೂ ರಾತ್ರಿಯದಕ್ಕೂ ಬೇರೆ ಹಾಳೆ. ಮೊದಲ ದಿನದ ಎರಡು ಸಾಲು ಬಿಟ್ಟು, ಉಳಿದ 12ಕ್ಕೆ ಹೀಗೆ:

```
=AVERAGE(C4:C15)
```

ಬೆಳಗಿನ ಸರಾಸರಿ 148/88, ರಾತ್ರಿಯದು 126/78. ಎರಡನ್ನೂ ಕೂಡಿಸಿದ್ದರೆ 137/83 ಬರುತ್ತಿತ್ತು. ಮನೆಯಲ್ಲಿ ನೋಡಿದಾಗ 135/85 ಗಡಿ ಅನ್ನುತ್ತಾರೆ. ಸ್ವಲ್ಪ ಜಾಸ್ತಿ ಅಂತ ಬಿಟ್ಟುಬಿಡುತ್ತಿದ್ದೆವೇನೋ. ಬೆಳಗಾಗುವ ಹೊತ್ತಿಗೆ ಗುಳಿಗೆಯ ಜೋರು ಇಳಿಯುತ್ತಿರಬಹುದು ಅಂದ ಡಾಕ್ಟರು ಗುಳಿಗೆ ಬದಲಿಸಿದರು. ಮುಂದಿನ ಸಲ ಬೆಳಗಿನದು 132 ಬಂತು.

ಹಾಗಂತ ಫೋಟೋ ಬಿಟ್ಟಿಲ್ಲ. ಕಾರಣ ಅವ್ವನೇ. ನಡುವೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದ್ದೆ, ಎಲ್ಲ ಚಂದದ ಅಂಕಿ. ಮಷೀನಿನ ಮೆಮೊರಿ ಒತ್ತಿ ನೋಡಿದರೆ ಒಂದೊಂದು ಹೊತ್ತಿಗೆ ನಾಲ್ಕೈದು ಸಲ ನೋಡಿದ್ದಾಳೆ. ಕಡಿಮೆ ಬಂದದ್ದನ್ನಷ್ಟೇ ಬರೆದಿದ್ದಾಳೆ! "ಜಾಸ್ತಿ ಬಂದದ್ದು ತಪ್ಪಿರತೈತಿ" ಅನ್ನುವುದು ಅವಳ ವಾದ. ಈಗ ಮೊದಲ ಎರಡರ ಫೋಟೋ ಕಡ್ಡಾಯ.

ಡಾಕ್ಟರು ಶೀಟಿನ ಲಿಂಕ್ ತೆರೆಯುವುದಿಲ್ಲ, ಸ್ಕ್ರೀನ್‌ಶಾಟ್ ಕಳಿಸಬೇಕು. ಅದನ್ನೂ ಕೆಲವೊಮ್ಮೆ ರಾತ್ರಿ ನೋಡುತ್ತಾರೆ. ಹಾಗಾಗಿ 180/120 ದಾಟಿ ಎದೆನೋವು, ಉಸಿರು ಕಟ್ಟುವುದು, ಮಾತು ತೊದಲುವುದು ಆದರೆ ಫೋಟೋ ಕಳಿಸುತ್ತ ಕೂಡಬಾರದು, ಸೀದಾ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದೇನೆ.