ಐದು ವರ್ಷ ಬಳಸಿದ ಲ್ಯಾಪ್‌ಟಾಪ್: ಚಾರ್ಜರ್‌ನಲ್ಲಿ ಇಲ್ಲದ ಒಂದು ದೀಪ

ತುಮಕೂರಿನ ಎಸ್.ಎಸ್. ಪುರಂನ ಮನೆಯಲ್ಲೇ ಕುಳಿತು ಅಡಿಕೆ ಮತ್ತು ಕೊಬ್ಬರಿ ವರ್ತಕರ ಲೆಕ್ಕ ಬರೆಯುವುದು ನನ್ನ ವೃತ್ತಿ. ಈ ಲ್ಯಾಪ್‌ಟಾಪನ್ನು 2020ರಲ್ಲಿ ಕೊಂಡೆ. ಇದರ ಪ್ರೊಸೆಸರ್, ಮೆಮೊರಿಗಳ ವಿವರ ಎಲ್ಲ ಕಡೆಯೂ ಸಿಗುವುದರಿಂದ ಅದನ್ನು ಬಿಟ್ಟುಬಿಡುತ್ತೇನೆ. ಪ್ರತಿದಿನ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ದೂರದ ತುದಿಯಲ್ಲಿಟ್ಟು, ಹಳೆಯ ಪಂಚೆಯ ತುಂಡಿನಿಂದ ಕೀಬೋರ್ಡಿನ ಧೂಳು ಒರೆಸಿ, ಚಾರ್ಜರ್ ಸಿಕ್ಕಿಸಿ ಕೆಲಸ ಆರಂಭಿಸುತ್ತಿದ್ದೆ. ಬಲಬದಿಯ ಅಂಕಿಗಳ ಕೀಲಿಗಳು ಅಕ್ಷರ ಮಾಸುವಷ್ಟು ಸವೆದಿದ್ದರೂ ಒಂದೂ ತಪ್ಪಿಲ್ಲ. ಕಳೆದ ತಿಂಗಳ 18ರವರೆಗೆ ನನ್ನ ದೂರು ಏನೂ ಇರಲಿಲ್ಲ.

ಆ ದಿನ ಗುಂಡಿ ಒತ್ತಿದರೆ ಯಂತ್ರ ಮಿಸುಕಲಿಲ್ಲ. ಫ್ಯಾನಿನ ಸದ್ದಿಲ್ಲ, ಪರದೆಯಲ್ಲಿ ಬೆಳಕಿಲ್ಲ. ವರ್ತಕರ ತಿಂಗಳ ತೆರಿಗೆ ವಿವರವಾದ ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೆಯ ತಾರೀಖು ಕೊನೆ. ಬಿ.ಎಚ್. ರಸ್ತೆಯ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, ಯಂತ್ರವನ್ನು ನೋಡದೆಯೇ ‘ಬೋರ್ಡ್ ಹೋಗಿರ್ಬೇಕು ಸರ್, ತಂದುಕೊಡಿ, ಚೆಕಿಂಗ್‌ಗೆ ಆರುನೂರು, ಮೂರು ದಿನ ಆಗುತ್ತೆ’ ಎಂದರು. ಆರುನೂರು ದೊಡ್ಡ ಮೊತ್ತವಲ್ಲ, ಆದರೆ ಮೂರು ದಿನ ನನ್ನ ಬಳಿ ಇರಲಿಲ್ಲ.

ಈ ಕಂಪನಿಯ ಮೇಲಿನ ನನ್ನ ಸಿಟ್ಟು ಆರಂಭವಾದದ್ದು ಇಲ್ಲಿಯೇ. ಇದರ ಚಾರ್ಜರ್ ಡಬ್ಬಿಯ ಮೇಲೆ ಸೂಚಕ ದೀಪವೇ ಇಲ್ಲ. ಲ್ಯಾಪ್‌ಟಾಪಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ದೀಪವಿದೆ, ಅದು ಆರಿತ್ತು. ಅದು ಆರಿದ್ದರೆ ವಿದ್ಯುತ್ತು ಗೋಡೆಯಲ್ಲೇ ನಿಂತಿದೆಯೋ, ಚಾರ್ಜರ್‌ನಲ್ಲಿ ನಿಂತಿದೆಯೋ, ಒಳಗೆ ಬಂದು ನಿಂತಿದೆಯೋ ತಿಳಿಯುವುದಿಲ್ಲ. ಡಬ್ಬಿಯಲ್ಲಿ ಪುಟ್ಟದೊಂದು ದೀಪ ಇದ್ದಿದ್ದರೆ ಮೊದಲ ಅನುಮಾನ ಅರ್ಧ ನಿಮಿಷದಲ್ಲಿ ತೀರುತ್ತಿತ್ತು. ಅದಿಲ್ಲದ್ದರಿಂದ ಅಷ್ಟನ್ನೇ ತಿಳಿಯಲು ಪಕ್ಕದ ಮನೆಯ ಎಲೆಕ್ಟ್ರಿಷಿಯನ್‌ನಿಂದ ಮಲ್ಟಿಮೀಟರ್ ಎರವಲು ತರಬೇಕಾಯಿತು.

ಮೊದಲು ಅದೇ ಸಾಕೆಟ್ಟಿಗೆ ಟೇಬಲ್ ದೀಪ ಸಿಕ್ಕಿಸಿ ನೋಡಿದೆ, ಉರಿಯಿತು. ಗೋಡೆಯಿಂದ ಡಬ್ಬಿಗೆ ಹೋಗುವ ಮೂರು ಪಿನ್ನಿನ ತಂತಿಯನ್ನು ಮಗಳ ಲ್ಯಾಪ್‌ಟಾಪಿನ ತಂತಿಯೊಂದಿಗೆ ಅದಲುಬದಲು ಮಾಡಿದರೂ ವ್ಯತ್ಯಾಸವಾಗಲಿಲ್ಲ. ಬಳಿಕ ಮೀಟರನ್ನು ಡಿಸಿ 200 ವೋಲ್ಟಿನ ಹಂತಕ್ಕೆ ತಿರುಗಿಸಿದೆ. ಚಾರ್ಜರ್ 19.5 ವೋಲ್ಟಿನದಾದ್ದರಿಂದ 20ರ ಹಂತ ಸಾಲಬಹುದಾದರೂ, ಸ್ವಲ್ಪ ಹೆಚ್ಚಿದ್ದರೆ ಮೀಟರ್ ಅಂಕಿಯನ್ನೇ ತೋರಿಸುವುದಿಲ್ಲ. ನನ್ನ ಚಾರ್ಜರ್‌ನ ದುಂಡನೆಯ ತುದಿಯ ನಡುವೆ ಸೂಜಿಯಂಥ ಒಂದು ಪಿನ್ನಿದೆ. ಅದು ಚಾರ್ಜರ್‌ನ ಗುರುತನ್ನು ಲ್ಯಾಪ್‌ಟಾಪಿಗೆ ತಿಳಿಸಲು ಇರುವುದೇ ಹೊರತು ಶಕ್ತಿ ಬರುವ ದಾರಿಯಲ್ಲ. ಕೆಂಪು ಕಡ್ಡಿಯನ್ನು ಕೊಳವೆಯ ಒಳಗೋಡೆಗೂ ಕಪ್ಪು ಕಡ್ಡಿಯನ್ನು ಹೊರಗೋಡೆಗೂ ತಾಗಿಸಬೇಕು, ಎರಡು ಕಡ್ಡಿಗಳು ಒಂದಕ್ಕೊಂದು ಮುಟ್ಟಬಾರದು. ಮೀಟರ್ 19.4 ತೋರಿಸಿತು. ಟೈಪ್-ಸಿ ಚಾರ್ಜರ್ ಇರುವವರಿಗೆ ಈ ಪರೀಕ್ಷೆ ಒಗ್ಗುವುದಿಲ್ಲ, ಏಕೆಂದರೆ ಅದು ಲ್ಯಾಪ್‌ಟಾಪಿನೊಂದಿಗೆ ಒಪ್ಪಂದವಾಗುವವರೆಗೆ 5 ವೋಲ್ಟಿಗಿಂತ ಹೆಚ್ಚು ಕೊಡುವುದಿಲ್ಲ.

ಖಾಲಿ ನಿಂತಾಗ ಸರಿಯಾದ ವೋಲ್ಟೇಜ್ ತೋರಿಸುವ ಚಾರ್ಜರ್ ಹೊರೆ ಬಿದ್ದೊಡನೆ ಕುಸಿಯುವುದೂ ಉಂಟು. ಹಾಗಾಗಿ ಮಗಳ ಚಾರ್ಜರನ್ನೂ ಹಾಕಿ ನೋಡಿದೆ. ಅದರ ತುದಿ ನನ್ನದರಂತೆಯೇ ಇದೆ, ವೋಲ್ಟ್ ಅಷ್ಟೇ, ಆಂಪಿಯರ್ ನನ್ನದಕ್ಕಿಂತ ಹೆಚ್ಚು. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ. ಅದರಲ್ಲೂ ಯಂತ್ರ ಏಳಲಿಲ್ಲ. ಚಾರ್ಜರ್ ತೆಗೆದು ಪವರ್ ಗುಂಡಿಯನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿದು, ಒಳಗೆ ಉಳಿದಿರುವ ವಿದ್ಯುತ್ತನ್ನು ಹರಿಸಿಬಿಟ್ಟು ಮತ್ತೆ ಪ್ರಯತ್ನಿಸಿದರೂ ಪ್ರಯೋಜನವಾಗಲಿಲ್ಲ. ಆ ಹೊತ್ತಿಗೆ ಅಂಗಡಿಯವರ ಮಾತೇ ನಿಜವಿರಬಹುದೆಂದು ನನಗೂ ಅನ್ನಿಸಿತ್ತು.

ಆದರೆ ಹಿಂಬದಿಯ ಮುಚ್ಚಳ ತೆಗೆದ ಮೇಲೆ ಕಂಪನಿಯ ಬಗೆಗಿನ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಮುಚ್ಚಳಕ್ಕಿರುವುದು ಸಾಮಾನ್ಯ ತಿರುಪುಗಳೇ. ಎರಡು ಮಾತ್ರ ಕೆಳಗಿನ ರಬ್ಬರ್ ಪಟ್ಟಿಯ ಅಡಿಯಲ್ಲಿ ಅಡಗಿದ್ದವು. ಅವುಗಳ ಉದ್ದ ಒಂದೇ ಅಲ್ಲವಾದ್ದರಿಂದ, ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು ಪ್ರತಿ ತಿರುಪನ್ನೂ ಅದರ ಜಾಗದಲ್ಲೇ ಇಟ್ಟೆ. ಒಳಗೆ ಬ್ಯಾಟರಿ ಚಪ್ಪಟೆಯಾಗಿಯೇ ಇತ್ತು. ಅದು ಉಬ್ಬಿದ್ದರೆ, ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಒಯ್ಯುತ್ತಿದ್ದೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಚಾರ್ಜರ್ ತೆಗೆದಿಟ್ಟು, ಬ್ಯಾಟರಿಯಿಂದ ಬೋರ್ಡಿಗೆ ಬರುವ ಕನೆಕ್ಟರನ್ನು ತಂತಿ ಹಿಡಿದು ಎಳೆಯದೆ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲನೆ ಬಿಡಿಸಿದೆ. ಗುಂಡಿಯನ್ನು ಮತ್ತೊಮ್ಮೆ ಮೂವತ್ತು ಸೆಕೆಂಡ್ ಒತ್ತಿದ ಮೇಲೆ ಚಾರ್ಜರ್ ಮಾತ್ರ ಸಿಕ್ಕಿಸಿ ಗುಂಡಿ ಮುಟ್ಟಿದೆ. ಫ್ಯಾನ್ ತಿರುಗಿತು!

ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಈಗ ಪ್ರಶ್ನೆ ಬೇರೆಯಾಯಿತು: ಎದ್ದ ಯಂತ್ರ ಕಾಣುತ್ತಿಲ್ಲವೋ, ಅಥವಾ ಇನ್ನೂ ಪೂರ್ತಿ ಎದ್ದಿಲ್ಲವೋ? ಕ್ಯಾಪ್ಸ್ ಲಾಕ್ ಒತ್ತಿದೆ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎಚ್ಚರವಾಗಿದೆ, ದೋಷ ಪರದೆಯ ಕಡೆಗಿದೆ ಎಂದು ತಿಳಿಯಬಹುದು. ಆಗ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು, ಚಿತ್ರ ಮಸುಕಾಗಿ ಕಂಡರೆ ಹಿಂಬೆಳಕು ಹೋಗಿದೆಯೆಂದೂ, ಎಚ್‌ಡಿಎಂಐ ತಂತಿಯಿಂದ ಟಿ.ವಿ.ಗೆ ಜೋಡಿಸಿದಾಗ ಅಲ್ಲಿ ಚಿತ್ರ ಬಂದರೆ ಬೋರ್ಡು ನೆಟ್ಟಗಿದೆಯೆಂದೂ ಗೊತ್ತಾಗುತ್ತದೆ. ನನ್ನದರಲ್ಲಿ ಕ್ಯಾಪ್ಸ್ ಲಾಕ್ ದೀಪ ಹತ್ತಲಿಲ್ಲ, ಆದ್ದರಿಂದ ಪರದೆಯನ್ನು ದೂರದೆ ಕಾದೆ. ಸುಮಾರು ಒಂದು ನಿಮಿಷವಾದ ಮೇಲೆ ಕಂಪನಿಯ ಗುರುತು ಮೂಡಿತು. ಶಕ್ತಿಯ ಮೂಲವೆಲ್ಲ ತಪ್ಪಿಹೋಗಿದ್ದ ಯಂತ್ರ ಮೊದಲ ಸಲ ಏಳುವಾಗ ಮೆಮೊರಿಯನ್ನು ಹೊಸದಾಗಿ ಪರೀಕ್ಷಿಸಿಕೊಳ್ಳುತ್ತದೆ. ಗಾಬರಿಯಲ್ಲಿ ನಡುವೆಯೇ ಆರಿಸಿಬಿಡುವವರು ಇದನ್ನು ಸತ್ತ ಪರದೆಯೆಂದೇ ತಿಳಿಯುತ್ತಾರೆ.

ಗಡಿಯಾರವೂ ಹಿಂದಕ್ಕೆ ಹೋಗಿತ್ತು. ದಿನಾಂಕ ಸರಿಪಡಿಸುವವರೆಗೆ ಜಿಎಸ್‌ಟಿ ತಾಣವನ್ನು ಬ್ರೌಸರ್ ಸುರಕ್ಷಿತವಲ್ಲವೆಂದು ತೆರೆಯಲೇ ಇಲ್ಲ. ಬ್ಯಾಟರಿಯಿಲ್ಲದ ಲ್ಯಾಪ್‌ಟಾಪ್ ಕರೆಂಟ್ ಹೋದ ಕ್ಷಣವೇ ಆರುವುದರಿಂದ ಹತ್ತು ನಿಮಿಷಕ್ಕೊಮ್ಮೆ ಕೆಲಸವನ್ನು ಉಳಿಸುತ್ತ, 19ರ ರಾತ್ರಿಗೆ ಎಲ್ಲರ ಲೆಕ್ಕವನ್ನೂ ಸಲ್ಲಿಸಿದೆ.

ದೋಷ ಬ್ಯಾಟರಿಯದೇ ಆಗಿತ್ತು. ಕೆಟ್ಟ ಬ್ಯಾಟರಿಯೊಂದು ಜೋಡಣೆಯಲ್ಲಿದ್ದರೆ ಒಳ್ಳೆಯ ಚಾರ್ಜರ್ ಇದ್ದರೂ ಯಂತ್ರವನ್ನು ಏಳಗೊಡದಿರಬಹುದು. ಇದರಲ್ಲಿ ನನ್ನ ತಪ್ಪೂ ಇದೆ. ಐದು ವರ್ಷ, ದಿನಕ್ಕೆ ಹತ್ತು ಗಂಟೆ, ನೂರಕ್ಕೆ ನೂರು ತುಂಬಿದ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿಯೇ ಇಟ್ಟಿದ್ದೆ. ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆ, ಯಂತ್ರ ಏಳುವಾಗಲೇ ತೆರೆಯಬಹುದಾದ ಬಯಾಸ್ ಸೆಟ್ಟಿಂಗ್‌ನಲ್ಲಿ ಇತ್ತೆಂದು ನೋಡಿದ್ದು ಈಗ. ಹಳೆಯ ಬ್ಯಾಟರಿಯ ಮೇಲೆ ಅಚ್ಚಾಗಿದ್ದ ಪಾರ್ಟ್ ಸಂಖ್ಯೆಯನ್ನೂ 11.4 ವೋಲ್ಟನ್ನೂ ಹೊಂದಿಸಿ ಬೆಂಗಳೂರಿನಿಂದ ತರಿಸಿದ ಹೊಸದಕ್ಕೆ 2,900 ರೂಪಾಯಿ ಬಿತ್ತು.

ಬ್ಯಾಟರಿ ಬಿಡಿಸಿದ ಮೇಲೂ ಫ್ಯಾನ್ ತಿರುಗದಿದ್ದರೆ ನಾನು ಬಿ.ಎಚ್. ರಸ್ತೆಗೇ ಹೋಗುತ್ತಿದ್ದೆ. ಉಳಿಯುತ್ತಿದ್ದದ್ದು ಚಾರ್ಜಿಂಗ್ ಸಾಕೆಟ್ ಅಥವಾ ಬೋರ್ಡು, ಅದಕ್ಕೆ ಬೆಸುಗೆ ಬೇಕು, ಅದು ನನ್ನ ಕೈಕೆಲಸವಲ್ಲ. ಬಿಚ್ಚಲು ಸುಲಭವಾಗಿರುವುದಕ್ಕೆ ಮತ್ತು ಕೀಬೋರ್ಡಿಗಾಗಿ ಈ ಲ್ಯಾಪ್‌ಟಾಪಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕಡಿತವಾದ ಒಂದು ಅಂಕ ಚಾರ್ಜರ್‌ನ ಆ ದೀಪದ್ದು.