ಶೀಟ್ ಹಾಕುವವರೇ, ಫೋನಿನಲ್ಲಿ ಹೇಳಿದ ‘ಎಕ್ಸ್‌ಟ್ರಾ ಕೆಲಸ’ದ ಬಗ್ಗೆ ಜಾಗ್ರತೆ

ಉಡುಪಿ ಕಡೆ ಮಳೆಗಾಲದ ಮೊದಲು ತಾರಸಿ ಮೇಲೆ ಶೀಟ್ ಹಾಕಿಸುವ ಗಡಿಬಿಡಿ ಎಷ್ಟೆಂದು ಗೊತ್ತೇ ಇದೆ. ಅಂಥ ಗಡಿಬಿಡಿಯಲ್ಲಿ ಒಪ್ಪಿಕೊಂಡ ಒಂದು ಕೆಲಸದ ಕಥೆ ಇದು. ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶಾಪು. ಗಿರಾಕಿ ಯಾರೆಂದು ಬರೆಯುವುದಿಲ್ಲ.

ಮಾತಾದದ್ದು ಇಷ್ಟು: ತಾರಸಿ 1,000 ಚದರಡಿ, ಅಡಿಗೆ 210 ರೂಪಾಯಿ, ಒಟ್ಟು 2,10,000. ಇದರ ಎಸ್ಟಿಮೇಟ್ ವಾಟ್ಸಾಪಿನಲ್ಲಿ ಹೋಗಿತ್ತು, ಅವರು ‘ಓಕೆ’ ಎಂದಿದ್ದರು. ಕೆಲಸ ಅರ್ಧ ಆಗುವಾಗ ಅವರ ಫೋನು: “ಹಿಂದೆ ಬಟ್ಟೆ ಒಗೆಯುವ ಜಾಗಕ್ಕೂ ಹಾಕಿ ಬಿಡಿ ಮಾರಾಯ್ರೆ, ರೇಟು ಅದೇ ಅಲ್ವಾ? ಪತ್ತನಾಜೆ ಒಳಗೆ ಮುಗಿಸಿ.” ಅದು 300 ಅಡಿ, ಅಂದರೆ 63,000. ಮುಗಿಯುವಷ್ಟರಲ್ಲಿ 2,30,000 ಕೊಟ್ಟಿದ್ದರು. ಬಾಕಿ 43,000 ಕೇಳಿದಾಗ ವರಸೆ ಬದಲಾಯಿತು: “ಹಿಂದಿನದ್ದೂ ಸೇರಿಯೇ ಮಾತಾಡಿದ್ದಲ್ವಾ?”

ಬಾಯಿಮಾತಿನ ಒಪ್ಪಂದಕ್ಕೆ ಬೆಲೆ ಇಲ್ಲ ಎಂದು ಹೇಳುವವರ ಮಾತು ಕೇಳಬೇಡಿ. 1872ರ ಒಪ್ಪಂದ ಕಾಯ್ದೆಯ ಪ್ರಕಾರ ಇಂಥ ಕೆಲಸಕ್ಕೆ ಬಾಯಿಮಾತೂ ಸಾಕು. ತೊಂದರೆ ಇರುವುದು ಸಾಬೀತು ಮಾಡುವುದರಲ್ಲಿ. ಕಾಲ್ ಲಿಸ್ಟಿನಿಂದ ಫೋನು ಬಂದದ್ದು ಗೊತ್ತಾಗುತ್ತದೆ, ಏನು ಮಾತಾಡಿದ್ದೆಂದು ಗೊತ್ತಾಗುವುದಿಲ್ಲ. ಫೋನಿನ ನಂತರ ಅವರು ಹಿಂಬದಿಯ ಫೋಟೋ ಕಳಿಸಿ ‘ಇಲ್ಲಿಗೂ’ ಎಂದು ಬರೆದಿದ್ದರು. ಕೆಲಸ ಹೇಳಿದ್ದು ಅವರೇ ಎಂಬುದು ಅದರಿಂದ ಖಾತ್ರಿ. ರೇಟಿನ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ.

ಆ ಕೊರತೆಯನ್ನು ತುಂಬಿಕೊಟ್ಟದ್ದು ಅವರದೇ ನಡವಳಿಕೆ. ಎಲ್ಲಾ ಸೇರಿ 2,10,000 ಆಗಿದ್ದರೆ 2,30,000 ಕೊಟ್ಟದ್ದೇಕೆ? “ಹೆಚ್ಚಿನದ್ದು ನೀರಿನ ದಂಬೆಗೆ” ಎಂದರು. ಆದರೆ ದಂಬೆ ಮೊದಲ ಎಸ್ಟಿಮೇಟಿನಲ್ಲೇ ಬರೆದಿತ್ತು, ಕೊನೆಯ ಯುಪಿಐ ಪಾವತಿಯ ನೋಟಿನಲ್ಲಿ ಅವರೇ ‘ಹಿಂದಿನ ಶೀಟ್’ ಎಂದು ಟೈಪ್ ಮಾಡಿದ್ದರು. ಅಲ್ಲದೆ ಹೊಸ ಶೀಟಿನ ಅಡಿಯಲ್ಲಿ ಅವರ ಎಲೆಕ್ಟ್ರಿಷಿಯನ್ ಲೈಟು ಹಾಕಿದ್ದ. ಒಂದು ದಿನವೂ ಆಕ್ಷೇಪ ಎತ್ತಿರಲಿಲ್ಲ. ರೇಟು ಒಪ್ಪಿದ್ದೇ ಸಾಬೀತಾಗದಿದ್ದರೂ ಅದೇ ಕಾಯ್ದೆಯ 70ನೇ ಸೆಕ್ಷನ್ ಇದೆ ಎಂದರು ನಮ್ಮ ವಕೀಲರು: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ತಕ್ಕ ಪರಿಹಾರ ಕೊಡಬೇಕು. ತಾರಸಿಗೆ ಒಪ್ಪಿದ 210ರ ರೇಟು ಆಗ ಒಳ್ಳೆಯ ಅಳತೆಗೋಲಾಗುತ್ತದೆ.

ಸ್ಕ್ರೀನ್‌ಶಾಟ್ ನಂಬಿ ಕೂತವರಿಗೆ ಒಂದು ಮಾತು. ಪ್ರಿಂಟ್ ತೆಗೆದು ಕೋರ್ಟಿಗೆ ಕೊಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ. ಒಂದಕ್ಕೆ ನಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಹಾಗಾಗಿ ಮೆಸೇಜು ಬಂದ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ, ಚಾಟನ್ನು ಪೂರ್ತಿ ಎಕ್ಸ್‌ಪೋರ್ಟ್ ಮಾಡಿಡಿ, ತಾನೇ ಮಾಯವಾಗುವ ಮೆಸೇಜಿನ ಸೆಟ್ಟಿಂಗ್ ಆಫ್ ಇದೆಯಾ ನೋಡಿ. ಬೇಕಾದ ಎರಡು ಸಾಲು ಮಾತ್ರ ಕತ್ತರಿಸಿ ತೋರಿಸಿದರೆ ಎದುರಿನ ವಕೀಲರು ಮೊದಲು ಕೇಳುವುದು ಉಳಿದದ್ದನ್ನೇ.

ನಮ್ಮದು ಕೋರ್ಟಿಗೆ ಹೋಗಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದೆವು. ದಾವೆ ಹೂಡುವ ಮೊದಲೇ ಅಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ 36,000ಕ್ಕೆ ರಾಜಿಯಾಯಿತು. 7,000 ಹೋಯಿತು, ಇರಲಿ.

ಈಗ ನಮ್ಮಲ್ಲಿ ಎಕ್ಸ್‌ಟ್ರಾ ಕೆಲಸದ ಫೋನು ಇಟ್ಟ ಕೂಡಲೇ ಒಂದು ಮೆಸೇಜು ಹೋಗುತ್ತದೆ: “ಈಗ ಮಾತಾಡಿದ ಹಾಗೆ ಹಿಂಬದಿ 300 ಅಡಿ, ಅಡಿಗೆ 210, 63,000. ಮೊದಲಿನದ್ದು ಸೇರಿ 2,73,000. ಬಂದದ್ದು 1,50,000. ಸರಿ ಇದ್ದರೆ ‘ಸರಿ’ ಎಂದು ಹಾಕಿ, ಸಾಮಾನು ಇಳಿಸ್ತೇವೆ.” ಉತ್ತರ ಬರುವ ತನಕ ಪೈಪು ಕತ್ತರಿಸುವುದಿಲ್ಲ. ಕ್ಯಾಶ್ ಕೊಟ್ಟರೆ ಯಾವ ಕೆಲಸದ ಲೆಕ್ಕಕ್ಕೆ, ಇನ್ನೆಷ್ಟು ಬಾಕಿ ಎಂದು ರಸೀದಿಯಲ್ಲಿ ಬರೆದು ಇಬ್ಬರ ಸಹಿ.

ಇನ್ನು ಬಾಕಿ ಇರುವವರು “ಮುಂದಿನ ತಿಂಗಳು ಕೊಡ್ತೇನೆ” ಎನ್ನುತ್ತಲೇ ಇರುತ್ತಾರೆ. ಹಣ ಕೊಡುವ ದಿನ ಗೊತ್ತುಮಾಡದೆ ಮಾಡಿದ ಕೆಲಸಕ್ಕೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಫೋನಿನಲ್ಲಿ ಕೊಟ್ಟ ಭರವಸೆಯಿಂದ ಆ ಅವಧಿ ಮುಂದೆ ಹೋಗುವುದಿಲ್ಲ. ಅದರೊಳಗೆ ಬಾಕಿ ಒಪ್ಪಿ ಸಹಿ ಹಾಕಿದ ಚೀಟಿ ಸಿಕ್ಕಿದರೆ, ಅಂದಿನಿಂದ ಹೊಸದಾಗಿ ಮೂರು ವರ್ಷ ಲೆಕ್ಕ.