ಮೌಸ್ ಆಯ್ಕೆ: ಬಾಕ್ಸ್ ಸಾಕೇ, ತ್ರಿಕೋನವೂ ಬೇಕೇ?

3D ಮಾಡೆಲ್ ಮೇಲೆ ಕ್ಲಿಕ್ ಮಾಡಿದಾಗ ಕ್ಯಾಮೆರಾದಿಂದ ಒಂದು ಕಿರಣ ಹೊರಡುತ್ತದೆ. ಅದು ಯಾವುದಕ್ಕೆ ತಾಗಿತು ಎಂದು ನೋಡಲು ಎರಡು ದಾರಿಗಳಿವೆ: ವಸ್ತುವನ್ನು ಸುತ್ತುವರಿದ ಕಾಲ್ಪನಿಕ ಬಾಕ್ಸನ್ನು ಮಾತ್ರ ನೋಡುವುದು, ಇಲ್ಲವೇ ಅದರ ಮೈಯನ್ನು ರೂಪಿಸುವ ತ್ರಿಕೋನಗಳನ್ನೂ ನೋಡುವುದು.

ಬರೀ ಬಾಕ್ಸ್ ನೋಡುವುದು ಸುಲಭ, ಒಂದು ವಸ್ತುವಿಗೆ ಒಂದೇ ಲೆಕ್ಕ. ಗೋದಾಮಿನ ಪೆಟ್ಟಿಗೆಗಳಿಗೆ ಇಷ್ಟು ಸಾಕು. ಆದರೆ ಕುರ್ಚಿ ಇದ್ದರೆ? ಕಾಲುಗಳ ಸಂದಿಯಲ್ಲಿ ಕಾಣುವ ಚೆಂಡನ್ನು ಒತ್ತಿದರೂ ಕುರ್ಚಿಯೇ ಆಯ್ಕೆಯಾಗುತ್ತದೆ. ಓರೆಯಾಗಿರುವ ಪೈಪಿನ ಬಾಕ್ಸಂತೂ ಬಹುಪಾಲು ಖಾಲಿ, ಅಲ್ವಾ?

ಬಾಕ್ಸ್ ಆದಮೇಲೆ ತ್ರಿಕೋನಗಳನ್ನೂ ನೋಡಿದರೆ ಚೆಂಡೇ ಸಿಗುತ್ತದೆ. ಆದರೆ ಮೊದಲ ಬಾಕ್ಸಿನಲ್ಲಿ ತ್ರಿಕೋನ ಸಿಕ್ಕಿತೆಂದು ಸುಮ್ನೆ ನಿಲ್ಲಬೇಡಿ. ಚೆಂಡು ಕುರ್ಚಿಯ ಕೆಳಗಿದೆ ಎನ್ನಿ. ಕಿರಣ ಕುರ್ಚಿಯ ಬಾಕ್ಸನ್ನು 2 ಮೀಟರಿನಲ್ಲಿ ಹೊಕ್ಕು, ಹಿಂಗಾಲಿಗೆ 2.6ರಲ್ಲಿ ತಾಗುತ್ತದೆ. ಚೆಂಡಿನ ಬಾಕ್ಸ್ 2.2ರಲ್ಲಿ, ಚೆಂಡು 2.3ರಲ್ಲಿ. ಬಾಕ್ಸ್‌ಗಳನ್ನು ಹತ್ತಿರದಿಂದ ದೂರಕ್ಕೆ ನೋಡುತ್ತಾ ಹೋಗಿ, ಮುಂದಿನ ಬಾಕ್ಸ್ ಈವರೆಗೆ ಸಿಕ್ಕ ಅತಿ ಹತ್ತಿರದ ತ್ರಿಕೋನಕ್ಕಿಂತ ದೂರವಿದ್ದರೆ ಮಾತ್ರ ಹುಡುಕಾಟ ನಿಲ್ಲಿಸಿ.

ಬ್ರೌಸರಿನಲ್ಲಿ 3D ತೋರಿಸುವ ಲೈಬ್ರರಿ `three.js` ಮೊದಲು ವಸ್ತುವಿನ ಸುತ್ತಲಿನ ಗೋಳವನ್ನು ಪರೀಕ್ಷಿಸುತ್ತದೆ. ಬಾಕ್ಸ್ ಮೊದಲೇ ಲೆಕ್ಕವಾಗಿದ್ದರೆ ಅದನ್ನೂ ನೋಡುತ್ತದೆ. ಕೋಡಿನಲ್ಲೇ ಕಟ್ಟಿದ ಆಕಾರಕ್ಕೆ ಇದನ್ನು ನೀವೇ ಕರೆಯಬೇಕು:

```js
geometry.computeBoundingBox();
```

ಕ್ಲಿಕ್‌ಗೆ ಮಾತ್ರವಾದರೆ ತ್ರಿಕೋನಗಳನ್ನೂ ನೋಡುವ ಎರಡನೆಯ ದಾರಿಯೇ ನನ್ನ ಆಯ್ಕೆ. ಮೌಸ್ ಸರಿದಾಗಲೆಲ್ಲ ಲಕ್ಷಗಟ್ಟಲೆ ತ್ರಿಕೋನ ಹುಡುಕಬೇಕಿದ್ದರೆ ಚಿತ್ರ ತಡವರಿಸುತ್ತದೆ. ಆಗ ಈ ಹುಡುಕಾಟವನ್ನು ವೇಗಗೊಳಿಸುವ `three-mesh-bvh` ಲೈಬ್ರರಿ ಸೇರಿಸಿ.